ಅನಲಾಗ್ ಎಲೆಕ್ಟ್ರಾನಿಕ್ಸ್ ಪರೀಕ್ಷೆಗೆ ಎರಡು ವಾರ: ನಾನು ಪಾಠಗಳನ್ನು ಜೋಡಿಸಿಕೊಂಡ ಕ್ರಮ

ಅನಲಾಗ್ ಸರ್ಕ್ಯೂಟ್ಸ್ ಪರೀಕ್ಷೆಗೆ ಎರಡು ವಾರ ಇದ್ದಾಗ ನಾನು ಮೊದಲು ತೆಗೆದದ್ದು ಪುಸ್ತಕವನ್ನಲ್ಲ, ಹಳೆ ಪ್ರಶ್ನೆಪತ್ರಿಕೆಗಳನ್ನು. ಆಗ ಕಾರವಾರದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೆ. ನಮ್ಮದು ವಿಟಿಯು ಪೇಪರ್. ಮೂರು ಗಂಟೆ, 100 ಅಂಕ, ಐದು ಮಾಡ್ಯೂಲ್. ಪ್ರತಿ ಮಾಡ್ಯೂಲಿಗೆ 20 ಅಂಕದ ಎರಡು ಪೂರ್ಣ ಪ್ರಶ್ನೆ ಇರುತ್ತವೆ, ಅದರಲ್ಲಿ ಒಂದಕ್ಕೆ ಉತ್ತರ ಬರೆಯಬೇಕು.

ಈ ನಿಯಮದಿಂದಲೇ ಇಡೀ ಯೋಜನೆ ಹುಟ್ಟುತ್ತದೆ. ಒಂದು ಮಾಡ್ಯೂಲನ್ನು ಪೂರ್ತಿ ಬಿಟ್ಟರೆ 20 ಅಂಕ ಹೋದ ಹಾಗೆ, ಬೇರೆ ಕಡೆ ಜಾಸ್ತಿ ಬರೆದು ಅದನ್ನು ತುಂಬಿಸಿಕೊಳ್ಳಲು ಆಗುವುದಿಲ್ಲ. ಆದರೆ ಮಾಡ್ಯೂಲಿನ ಒಳಗೆ ಮಾತ್ರ ಆಯ್ಕೆ ಇದೆ. ಹಾಗಾಗಿ "ಯಾವ ಪಾಠ ಮುಖ್ಯ" ಎಂದು ಕೇಳಿಕೊಳ್ಳುವ ಬದಲು "ಈ ಮಾಡ್ಯೂಲಿನಲ್ಲಿ ಒಂದು ಪೂರ್ಣ ಪ್ರಶ್ನೆ ಕಟ್ಟಲು ನನಗೆ ಯಾವ ತುಂಡುಗಳು ಬೇಕು" ಎಂದು ಕೇಳಿಕೊಂಡೆ. 20 ಅಂಕದ ಪ್ರಶ್ನೆ ಸಾಮಾನ್ಯವಾಗಿ ಎ, ಬಿ, ಸಿ ಎಂದು ಒಡೆದಿರುತ್ತದೆ. ಒಂದು ಡೆರಿವೇಶನ್, ಒಂದು ಲೆಕ್ಕ, ಒಂದು ವಿವರಣೆ. ಈ ತುಂಡುಗಳನ್ನೇ ಒಂದೊಂದಾಗಿ ನೋಟ್‌ಬುಕ್ಕಿಗೆ ಇಳಿಸಿ, ಪಕ್ಕದಲ್ಲಿ ಅಂಕ ಬರೆದೆ. ಒಂದೇ ತುಂಡು ಬೇರೆ ಬೇರೆ ಪತ್ರಿಕೆಗಳಲ್ಲಿ ಮತ್ತೆ ಬಂದರೆ ಒಂದು ಗೀಟು. ಮೊದಲ ದಿನ ಇಷ್ಟೇ ಕೆಲಸ.

ಅಂಕ ಎಷ್ಟು ಎಂಬುದು ಪತ್ರಿಕೆಯಲ್ಲೇ ಇರುತ್ತದೆ. ಕಷ್ಟ ಎಷ್ಟು ಎಂಬುದನ್ನು ನಾವೇ ಅಳೆಯಬೇಕು. ಪುಸ್ತಕ ತಿರುವಿ "ಇದು ಗೊತ್ತಿದೆ" ಅನ್ನಿಸುವುದು ಅಳತೆಯೇ ಅಲ್ಲ. ನಾನು ಪ್ರತಿ ವಿಷಯದಿಂದ ಒಂದು ಹಳೆ ಪ್ರಶ್ನೆ ತೆಗೆದುಕೊಂಡು, ಪುಸ್ತಕ ಮುಚ್ಚಿ, ಇಪ್ಪತ್ತು ನಿಮಿಷ ಬರೆಯಲು ಪ್ರಯತ್ನಿಸಿದೆ. ಎಷ್ಟು ಸರಿಯಾಯಿತು ಎನ್ನುವುದಕ್ಕಿಂತ ಎಲ್ಲಿ ನಿಂತೆ ಎಂಬುದನ್ನು ನೋಡಿದೆ. ಸೂತ್ರ ಮರೆತು ನಿಂತಿದ್ದರೆ ಅದು ಸುಲಭದ ಗುಂಪು, ಒಂದೆರಡು ಗಂಟೆಯ ಕೆಲಸ. ಸರ್ಕ್ಯೂಟ್ ಬರೆಯಲು ಬಾರದೆ ನಿಂತಿದ್ದರೆ ಮಧ್ಯಮ. ಸರ್ಕ್ಯೂಟ್ ಕಣ್ಣೆದುರು ಇದ್ದರೂ ಮೊದಲ ಸಮೀಕರಣ ಎಲ್ಲಿಂದ ಶುರು ಮಾಡಬೇಕು ಎಂದು ತೋಚದಿದ್ದರೆ ಅದೇ ನಿಜವಾದ ಕಷ್ಟ. ಅದಕ್ಕೆ ಅರ್ಧ ದಿನವಾದರೂ ಬೇಕು, ಎರಡು ದಿನ ಬಿಟ್ಟು ಮತ್ತೆ ಮಾಡಿ ನೋಡಲೂ ಬೇಕು.

ಉದಾಹರಣೆಗೆ, 555 ಟೈಮರ್‌ನ ಎಸ್ಟೇಬಲ್ ಸರ್ಕ್ಯೂಟ್ ನನಗೆ ಸುಲಭದ ಗುಂಪಿಗೆ ಬಂತು. ಡೆರಿವೇಶನ್ ಮತ್ತು ಡಿಸೈನ್ ಎರಡೂ ಸೇರಿದರೆ ಎಂಟರಿಂದ ಹತ್ತು ಅಂಕ, ಒಂದು ಬೆಳಿಗ್ಗೆಯಲ್ಲಿ ಮುಗಿಯುತ್ತದೆ. ಕಾಮನ್ ಸೋರ್ಸ್ ಮಾಸ್‌ಫೆಟ್ ಆ್ಯಂಪ್ಲಿಫೈಯರ್‌ನ ಹೈ ಫ್ರೀಕ್ವೆನ್ಸಿ ರೆಸ್ಪಾನ್ಸ್ ಕೂಡ ಹೆಚ್ಚುಕಡಿಮೆ ಅಷ್ಟೇ ಅಂಕದ್ದು. ಆದರೆ ಮಿಲ್ಲರ್ ಕೆಪಾಸಿಟೆನ್ಸ್ ಎಲ್ಲಿಂದ ಬಂತು ಎಂದು ಅರ್ಥವಾಗದೆ ಅದರ ಡೆರಿವೇಶನ್ ಕೈಗೆ ಹತ್ತುವುದಿಲ್ಲ, ಒಂದು ದಿನವೇ ಬೇಕು. ಅಂಕ ಒಂದೇ, ಸಮಯ ನಾಲ್ಕು ಪಟ್ಟು. ಹಾಗಾಗಿ ಅದು ಪಟ್ಟಿಯ ಕೊನೆಗೆ ಹೋಯಿತು.

ಅಂಕ ಮತ್ತು ಕಷ್ಟ ಎರಡನ್ನೇ ನೋಡಿ ಸಾಲು ಹಾಕಿದರೆ ಒಂದು ತೊಂದರೆ ಇದೆ. ಕೆಲವು ಪಾಠಗಳು ಹಿಂದಿನದರ ಮೇಲೆ ನಿಂತಿರುತ್ತವೆ. ಟ್ರಾನ್ಸಿಸ್ಟರ್‌ನ ಸ್ಮಾಲ್ ಸಿಗ್ನಲ್ ಮಾಡೆಲ್ ಬಾರದೆ ಫೀಡ್‌ಬ್ಯಾಕ್ ಆ್ಯಂಪ್ಲಿಫೈಯರ್ ಬರುವುದಿಲ್ಲ, ಫೀಡ್‌ಬ್ಯಾಕ್ ಬಾರದೆ ಆಸಿಲೇಟರ್ ಬರೀ ಬಾಯಿಪಾಠ ಆಗುತ್ತದೆ. ಆದರೆ ಆಪ್-ಆ್ಯಂಪ್, ಆಕ್ಟಿವ್ ಫಿಲ್ಟರ್, 555 ಟೈಮರ್ ಇವಕ್ಕೆ ಟ್ರಾನ್ಸಿಸ್ಟರ್ ಲೆಕ್ಕದ ಹಂಗಿಲ್ಲ. ನಮ್ಮ ಸಿಲಬಸ್ಸಿನಲ್ಲಿ ಇವು ನಾಲ್ಕು ಮತ್ತು ಐದನೇ ಮಾಡ್ಯೂಲ್. ಅಂದರೆ 40 ಅಂಕ ಒಂಟಿಯಾಗಿ ನಿಂತಿದೆ, ಯಾವ ಹಿಂದಿನ ಪಾಠವೂ ಬೇಡ. ಕ್ಲಾಸಿನಲ್ಲಿ ಅವು ಕೊನೆಗೆ ಬರುವುದರಿಂದ ಹೆಚ್ಚಿನವರು ಕೊನೆಗೇ ಓದುತ್ತಾರೆ. ನಾನು ಅವುಗಳಿಂದಲೇ ಶುರು ಮಾಡಿದೆ.

ಎರಡನೇ ದಿನದಿಂದ ನಾಲ್ಕನೇ ದಿನದವರೆಗೆ ಈ ಎರಡು ಮಾಡ್ಯೂಲ್. ಇಲ್ಲಿ ಉತ್ತರ ಸರಿಯೋ ತಪ್ಪೋ ತಾನಾಗಿ ಹೇಳುವ ಗುರುತುಗಳಿವೆ, ಅವನ್ನು ಸೂತ್ರದ ಪಕ್ಕದಲ್ಲೇ ಬರೆದುಕೊಂಡೆ. ಮಾಮೂಲಿ ಎಸ್ಟೇಬಲ್ ಸರ್ಕ್ಯೂಟಿನಲ್ಲಿ ಡ್ಯೂಟಿ ಸೈಕಲ್ ಯಾವಾಗಲೂ 50 ಶೇಕಡಾಕ್ಕಿಂತ ಜಾಸ್ತಿ, ಯಾಕೆಂದರೆ ಕೆಪಾಸಿಟರ್ ಎರಡೂ ರೆಸಿಸ್ಟರ್ ಮೂಲಕ ಚಾರ್ಜ್ ಆಗಿ ಒಂದರ ಮೂಲಕ ಮಾತ್ರ ಡಿಸ್ಚಾರ್ಜ್ ಆಗುತ್ತದೆ. ಉತ್ತರ 40 ಶೇಕಡಾ ಬಂದರೆ ಎಲ್ಲೋ ರೆಸಿಸ್ಟರ್ ಅದಲು ಬದಲಾಗಿದೆ. ಸೆಕೆಂಡ್ ಆರ್ಡರ್ ಬಟರ್‌ವರ್ತ್ ಫಿಲ್ಟರ್‌ನಲ್ಲಿ ಎರಡು R, ಎರಡು C ಸಮ ಇಟ್ಟರೆ ಗೇನ್ 1.586 ಆಗಲೇಬೇಕು. ಸ್ಮಿಟ್ ಟ್ರಿಗರ್‌ನಲ್ಲಿ ಫೀಡ್‌ಬ್ಯಾಕ್ ರೆಸಿಸ್ಟರ್ ಪ್ಲಸ್ ಪಿನ್ನಿಗೆ ಹೋಗಬೇಕು. ಮೈನಸ್ಸಿಗೆ ಎಳೆದರೆ ಅದು ಆ್ಯಂಪ್ಲಿಫೈಯರ್ ಆಗಿಬಿಡುತ್ತದೆ, ಕೆಳಗೆ ಬರೆದ ಡೆರಿವೇಶನ್ ಸರಿಯಿದ್ದರೂ ಚಿತ್ರಕ್ಕೆ ಹೊಂದುವುದಿಲ್ಲ.

ಐದರಿಂದ ಎಂಟನೇ ದಿನ ಮೊದಲ ಮಾಡ್ಯೂಲ್, ಅಂದರೆ ಬಯಾಸಿಂಗ್ ಮತ್ತು ಸ್ಮಾಲ್ ಸಿಗ್ನಲ್. ಅಂಕ 20ಕ್ಕೆ ನಾಲ್ಕು ದಿನ ಜಾಸ್ತಿಯಾಯಿತಲ್ವಾ ಎಂದು ರೂಮ್‌ಮೇಟ್ ಕೇಳಿದ. ನನ್ನ ಲೆಕ್ಕದಲ್ಲಿ ಅದು 20 ಅಂಕ ಅಲ್ಲ, 60 ಅಂಕ. ಎರಡನೇ ಮತ್ತು ಮೂರನೇ ಮಾಡ್ಯೂಲಿನ ಬಾಗಿಲೂ ಇದೇ. ಆ ನಾಲ್ಕು ದಿನದಲ್ಲಿ ನಾನು ಬೇರೆ ಬೇರೆ ಲೆಕ್ಕಗಳ ರಾಶಿ ಮಾಡಲಿಲ್ಲ. ಒಂದೇ ಸರ್ಕ್ಯೂಟ್ ಹಿಡಿದು ಕೊನೆಯವರೆಗೆ ಹೋದೆ. ಅದನ್ನು ಇಲ್ಲಿ ಪೂರ್ತಿ ಬಿಡಿಸುತ್ತೇನೆ.

ವೋಲ್ಟೇಜ್ ಡಿವೈಡರ್ ಬಯಾಸ್ ಇರುವ ಕಾಮನ್ ಎಮಿಟರ್ ಆ್ಯಂಪ್ಲಿಫೈಯರ್. ಸಪ್ಲೈ 12 ವೋಲ್ಟ್, ಮೇಲಿನ ರೆಸಿಸ್ಟರ್ 47 ಕಿಲೋ ಓಮ್, ಕೆಳಗಿನದು 10 ಕಿಲೋ ಓಮ್, ಕಲೆಕ್ಟರಿನಲ್ಲಿ 2.2 ಕಿಲೋ ಓಮ್, ಎಮಿಟರಿನಲ್ಲಿ 1 ಕಿಲೋ ಓಮ್, ಬೀಟಾ 100. ಮೊದಲು ಬೇಸ್ ಕಡೆಯನ್ನು ಥೆವೆನಿನ್ ಮಾಡಬೇಕು:

```
VTH = 12 × 10/57 = 2.105 V
RTH = 47k || 10k = 8.25k
IB  = (2.105 − 0.7) / (8.25k + 101 × 1k) = 12.86 µA
IC  = 1.286 mA
VCE = 12 − 1.286m × 2.2k − 1.299m × 1k = 7.87 V
```

VCE 7.87 ವೋಲ್ಟ್ ಬಂತು. ಸೊನ್ನೆಗೂ ಹತ್ತಿರವಿಲ್ಲ, 12ಕ್ಕೂ ಹತ್ತಿರವಿಲ್ಲ, ಅಂದರೆ ಟ್ರಾನ್ಸಿಸ್ಟರ್ ಆಕ್ಟಿವ್ ಭಾಗದಲ್ಲಿದೆ. ಮುಂದಿನ ಲೆಕ್ಕ ಮಾಡಲು ಇದೇ ಪರವಾನಗಿ. ಇಲ್ಲಿ ಹೆಚ್ಚಾಗಿ ಎಡವುವುದು ಎಮಿಟರ್ ರೆಸಿಸ್ಟರನ್ನು 101ರಿಂದ ಗುಣಿಸುವುದನ್ನು ಬಿಟ್ಟಾಗ. ಆಗ IB ಸುಮಾರು 152 ಮೈಕ್ರೋ ಆಂಪಿಯರ್ ಬರುತ್ತದೆ, IC 15 ಮಿಲಿ ಆಂಪಿಯರ್, ಕಲೆಕ್ಟರ್ ರೆಸಿಸ್ಟರಿನಲ್ಲೇ 33 ವೋಲ್ಟ್ ಬೀಳಬೇಕಾಗುತ್ತದೆ. 12 ವೋಲ್ಟ್ ಸಪ್ಲೈಯಲ್ಲಿ ಅದು ಆಗದ ಮಾತು. ಹಾಗಾಗಿ VCE ಬರೆಯದೆ ಮುಂದೆ ಹೋಗಬಾರದು ಎಂದು ನಾನು ಪಟ್ಟಾಗಿ ಇಟ್ಟುಕೊಂಡಿದ್ದೆ.

ಈಗ ಇದೇ ಸರ್ಕ್ಯೂಟಿನ ಗೇನ್. ಥರ್ಮಲ್ ವೋಲ್ಟೇಜ್ 25 ಮಿಲಿ ವೋಲ್ಟ್ ಎಂದು ಹಿಡಿದರೆ, ಎಮಿಟರಿಗೆ ಬೈಪಾಸ್ ಕೆಪಾಸಿಟರ್ ಇದ್ದಾಗ, ಲೋಡ್ ಇಲ್ಲದೆ:

```
gm = 1.286m / 25m = 51.4 mS
Av = −gm × RC = −51.4m × 2.2k = −113
```

ಬೈಪಾಸ್ ಕೆಪಾಸಿಟರ್ ತೆಗೆದರೆ ಗೇನ್ ಸುಮಾರು −RC/RE, ಅಂದರೆ −2.2ರ ಆಸುಪಾಸಿಗೆ ಇಳಿಯುತ್ತದೆ. ಒಂದು ಕೆಪಾಸಿಟರ್ ಚಿತ್ರದಲ್ಲಿ ಇದೆಯೋ ಇಲ್ಲವೋ ಎಂದು ನೋಡದೆ ಹೋದರೆ ಉತ್ತರ ಐವತ್ತು ಪಟ್ಟು ತಪ್ಪುತ್ತದೆ. ಪ್ರಶ್ನೆ ಓದುವಾಗ ಮೊದಲು ಆ ಕೆಪಾಸಿಟರಿಗೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕುತ್ತಿದ್ದೆ.

ಇದರ ಮುಂದಿನ ಹೆಜ್ಜೆ ನನಗೆ ತುಂಬ ಖುಷಿ ಕೊಟ್ಟದ್ದು. ಬೈಪಾಸ್ ಇಲ್ಲದ ಆ ಎಮಿಟರ್ ರೆಸಿಸ್ಟರೇ ಮೂರನೇ ಮಾಡ್ಯೂಲಿನ ಸೀರೀಸ್-ಸೀರೀಸ್ ಫೀಡ್‌ಬ್ಯಾಕ್. ಫೀಡ್‌ಬ್ಯಾಕ್ ಪಾಠದ "ಒಂದು ಪ್ಲಸ್ ಎ ಬೀಟಾ" ಇಲ್ಲಿ 1 + gm·RE, ಅಂದರೆ 52.4. (ಈ ಬೀಟಾ ಫೀಡ್‌ಬ್ಯಾಕ್ ಬೀಟಾ, ಟ್ರಾನ್ಸಿಸ್ಟರಿನದ್ದಲ್ಲ.) 113ನ್ನು 52.4ರಿಂದ ಭಾಗಿಸಿದರೆ 2.16. ಎರಡು ಬೇರೆ ಪಾಠದ ದಾರಿಯಲ್ಲಿ ಹೋಗಿ ಒಂದೇ ಕಡೆ ತಲುಪಿದೆವು. ಇದು ಗೊತ್ತಾದ ಮೇಲೆ ಒಂಬತ್ತು ಮತ್ತು ಹತ್ತನೇ ದಿನದ ಫೀಡ್‌ಬ್ಯಾಕ್ ಭಾರ ಅನ್ನಿಸಲಿಲ್ಲ. ನಾಲ್ಕು ಟೋಪಾಲಜಿಗಳಲ್ಲಿ ಇನ್‌ಪುಟ್, ಔಟ್‌ಪುಟ್ ರೆಸಿಸ್ಟೆನ್ಸ್ ಏರುತ್ತದೋ ಇಳಿಯುತ್ತದೋ ಎಂಬ ಕೋಷ್ಟಕ ಬಾಯಿಪಾಠ ಮಾಡಬೇಕಾಗಿಲ್ಲ. ಸೀರೀಸ್ ಜೋಡಣೆ ಇರುವ ಕಡೆ ಏರುತ್ತದೆ, ಶಂಟ್ ಇರುವ ಕಡೆ ಇಳಿಯುತ್ತದೆ. ಅಷ್ಟೇ. ಪವರ್ ಆ್ಯಂಪ್ಲಿಫೈಯರ್ ಅದೇ ಮಾಡ್ಯೂಲಿನದು. ಕ್ಲಾಸ್ ಬಿ ಗರಿಷ್ಠ ದಕ್ಷತೆ 78.5 ಶೇಕಡಾ ಎಂಬ ಡೆರಿವೇಶನ್ ಚಿಕ್ಕದು, ಅದನ್ನು ಬಿಡುವುದು ನಷ್ಟ.

ನಡುವಿನ ಭಾನುವಾರ ಶಿರಸಿಯ ಮನೆಗೆ ಹೋಗಿಬಂದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಲೆಕ್ಕ ಬಿಡಿಸಲು ಆಗುವುದಿಲ್ಲ. ಆದರೆ ಕಣ್ಣು ಮುಚ್ಚಿ ಸರ್ಕ್ಯೂಟ್ ಚಿತ್ರಗಳನ್ನು ನೆನಪಿಸಿಕೊಳ್ಳಬಹುದು. ಇನ್‌ಸ್ಟ್ರುಮೆಂಟೇಶನ್ ಆ್ಯಂಪ್ಲಿಫೈಯರ್‌ನ ಏಳು ರೆಸಿಸ್ಟರ್ ಎಲ್ಲೆಲ್ಲಿ ಕೂರುತ್ತವೆ ಎಂದು ಮನಸ್ಸಿನಲ್ಲೇ ಇಟ್ಟು ನೋಡಿದೆ. ಮನೆಯಲ್ಲಿ ಪುಸ್ತಕ ತೆರೆದಾಗ ಅಮ್ಮ "ಉಂಡ್ಕಂಡು ಓದಲಕ್ಕು ತಮಾ" ಎಂದಳು. ಆ ದಿನ ನೆನಪಿಗೆ ಬಾರದ ಚಿತ್ರಗಳನ್ನು ಮಾತ್ರ ನೋಡಿ ಮುಚ್ಚಿಟ್ಟೆ.

ಹನ್ನೊಂದು, ಹನ್ನೆರಡನೇ ದಿನ ಎರಡನೇ ಮಾಡ್ಯೂಲ್. ಇದರಲ್ಲಿ ಆಯ್ಕೆ ಮಾಡಿದೆ. ಆಸಿಲೇಟರ್ ಮೊದಲು, ಯಾಕೆಂದರೆ ಫೀಡ್‌ಬ್ಯಾಕ್ ಆಗಲೇ ಕೈಯಲ್ಲಿತ್ತು. ಲೂಪ್ ಗೇನ್ ಒಂದು, ಫೇಸ್ ಶಿಫ್ಟ್ 360 ಡಿಗ್ರಿ. ಆರ್‌ಸಿ ಫೇಸ್ ಶಿಫ್ಟ್‌ನಲ್ಲಿ ಗೇನ್ ಕನಿಷ್ಠ 29 ಯಾಕೆ ಎಂದರೆ ಮೂರು ಆರ್‌ಸಿ ಹಂತಗಳು ಸಿಗ್ನಲನ್ನು 29ರಲ್ಲಿ ಒಂದು ಪಾಲಿಗೆ ಇಳಿಸುತ್ತವೆ. ಮಾಸ್‌ಫೆಟ್ ಆ್ಯಂಪ್ಲಿಫೈಯರ್ ಲೆಕ್ಕಕ್ಕೆ ಮೇಲಿನ ಟ್ರಾನ್ಸಿಸ್ಟರ್ ಕ್ರಮವೇ ಸಾಕು, gm ಸೂತ್ರ ಮಾತ್ರ ಬೇರೆ. ಹೈ ಫ್ರೀಕ್ವೆನ್ಸಿ ಡೆರಿವೇಶನ್ನಿಗೆ ಹನ್ನೆರಡನೇ ದಿನದ ಸಂಜೆ ಸಿಕ್ಕಿತು. ಪೂರ್ತಿ ಹಿಡಿಯುವ ಗುರಿ ಇಟ್ಟುಕೊಳ್ಳಲಿಲ್ಲ. ಈಕ್ವಿವಲೆಂಟ್ ಸರ್ಕ್ಯೂಟ್, ಮಿಲ್ಲರ್ ಕೆಪಾಸಿಟೆನ್ಸ್ Cgd(1 + gm·RL′), ಕೊನೆಯ ಕಟ್ ಆಫ್ ಸೂತ್ರ, ಈ ಮೂರನ್ನು ಮಾತ್ರ ಕಲಿತೆ. ಸ್ಟೆಪ್‌ಗಳಿಗೆ ಅಂಕ ಇರುವ ಮೌಲ್ಯಮಾಪನದಲ್ಲಿ ಇಷ್ಟಕ್ಕೂ ಅಂಕ ಬರುತ್ತದೆ.

ಹದಿಮೂರನೇ ದಿನ ಒಂದು ಪೂರ್ತಿ ಹಳೆ ಪೇಪರ್, ಗಡಿಯಾರ ಇಟ್ಟುಕೊಂಡು. 180 ನಿಮಿಷಕ್ಕೆ ಐದು ಪ್ರಶ್ನೆ ಎಂದರೆ ಒಂದಕ್ಕೆ 36 ನಿಮಿಷ. ಬಯಾಸಿಂಗ್ ಲೆಕ್ಕ ಇರುವ ಪ್ರಶ್ನೆ 45ಕ್ಕೆ ಎಳೆಯಿತು, 555 ಪ್ರಶ್ನೆ 28ರಲ್ಲಿ ಮುಗಿಯಿತು. ಅದನ್ನು ನೋಡಿ ಬರೆಯುವ ಕ್ರಮ ನಿಗದಿ ಮಾಡಿದೆ: ಐದು, ನಾಲ್ಕು, ಮೂರು, ಒಂದು, ಎರಡು. ಮೊದಲು ಬರೆಯುವ ಎರಡರಲ್ಲಿ ಉಳಿದ ನಿಮಿಷಗಳು ಒಂದನೇ ಮಾಡ್ಯೂಲಿನ ಬಯಾಸಿಂಗ್ ಲೆಕ್ಕಕ್ಕೆ ಹೋಗುತ್ತವೆ. ಕೊನೆಯ ದಿನ ಲೆಕ್ಕ ಮುಟ್ಟಲಿಲ್ಲ. ಬಿಳಿ ಹಾಳೆಯಲ್ಲಿ ಪೆನ್ಸಿಲ್ ಹಿಡಿದು ಐದೂ ಮಾಡ್ಯೂಲಿನ ಸರ್ಕ್ಯೂಟ್‌ಗಳನ್ನು ನೋಡದೆ ಬರೆದೆ, ಪ್ರತಿಯೊಂದರ ಕೆಳಗೆ ಒಂದೇ ಸೂತ್ರ.

ಹಾಲಿನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೊದಲ ಐದು ನಿಮಿಷ ಏನೂ ಬರೆಯಲಿಲ್ಲ. ಪ್ರತಿ ಮಾಡ್ಯೂಲಿನ ಎರಡೂ ಪ್ರಶ್ನೆಗಳ ತುಂಡುಗಳ ಮುಂದೆ ನನಗೆ ಸಿಗಬಹುದಾದ ಅಂಕವನ್ನು ಮನಸ್ಸಿನಲ್ಲೇ ಕೂಡಿಸಿದೆ. ಹತ್ತು ಅಂಕದ ಒಂದು ತುಂಡು ಚೆನ್ನಾಗಿ ಗೊತ್ತಿದೆ ಎಂದು ಆ ಪ್ರಶ್ನೆಯನ್ನೇ ಹಿಡಿದರೆ ಉಳಿದ ಹತ್ತು ಖಾಲಿ ಉಳಿಯಬಹುದು. ಮೂರೂ ತುಂಡು ಅರ್ಧಕ್ಕಿಂತ ಜಾಸ್ತಿ ಬರುವ ಪ್ರಶ್ನೆಯೇ ಎಷ್ಟೋ ಸಲ ಹೆಚ್ಚು ಅಂಕದ್ದು. ಎರಡನೇ ಮಾಡ್ಯೂಲಿನಲ್ಲಿ ಆ ಲೆಕ್ಕ ನೋಡಿಯೇ ಆಸಿಲೇಟರ್ ಇದ್ದ ಪ್ರಶ್ನೆಯನ್ನು ಆರಿಸಿಕೊಂಡೆ.