ಎರಡು ಕೋಟ್ ಅಂತ ಎರಡರಿಂದ ಗುಣಿಸಿಬಿಟ್ಟಿದ್ದೆ

ಹಾಸನದ ನಮ್ಮ ಮನೆಯ ಹಾಲ್ ಮತ್ತು ಒಂದು ರೂಮಿಗೆ ಹೋದ ಫೆಬ್ರವರಿಯಲ್ಲಿ ಬಣ್ಣ ಹೊಡೆಸಿದೆ. ಫೆಬ್ರವರಿ ತನಕ ಕಾದದ್ದಕ್ಕೆ ಕಾರಣವಿತ್ತು. ಸಕಲೇಶಪುರದ ಕಡೆಯಿಂದ ಬರುವ ಮಳೆ ನಮ್ಮ ಪಡುವಣ ಗೋಡೆಗೇ ಹೊಡೆಯುತ್ತದೆ. ಮಳೆ ನಿಂತರೂ ಒಳಗಿನ ತೇವ ಬೇಗ ಆರುವುದಿಲ್ಲ. ಹಸಿ ಗೋಡೆಗೆ ಬಣ್ಣ ಹೊಡೆದರೆ ಮುಂದಿನ ವರ್ಷ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಎಷ್ಟು ಬಣ್ಣ ಬೇಕು ಅಂತ ಲೆಕ್ಕ ಹಾಕಲು ಹೊರಟವನು ನಾನೇ. ಹಾಲ್ 16ಕ್ಕೆ 14 ಅಡಿ, ಎತ್ತರ 10. ಸುತ್ತಳತೆ 60 ಅಡಿ, ಅಂದರೆ ಗೋಡೆ 600 ಚದರ ಅಡಿ. ರೂಮು 12ಕ್ಕೆ 11, ಅದರ ಗೋಡೆ 460. ಒಟ್ಟು 1,060. ಎರಡು ಕೋಟ್ ಹೊಡೆಯಬೇಕಲ್ವಾ, ಅದಕ್ಕೆ ಎರಡರಿಂದ ಗುಣಿಸಿದೆ. ಲೀಟರಿಗೆ 110 ಚದರ ಅಡಿ ಬರುತ್ತದೆ ಅಂತ ಯಾರೋ ಹೇಳಿದ್ದರು. ಭಾಗಿಸಿದರೆ ಹತ್ತೊಂಬತ್ತು ಲೀಟರ್ ಚಿಲ್ಲರೆ ಬಂತು. ಇಪ್ಪತ್ತು ಲೀಟರ್ ಬಕೆಟ್ ಅಂತ ಚೀಟಿ ಬರೆದು ಪೇಂಟರ್ ಕೈಗೆ ಕೊಟ್ಟೆ.

ಅವರು ಬೇಲೂರು ಕಡೆಯವರು, ಮಾತು ಕಮ್ಮಿ. ಚೀಟಿ ನೋಡಿ, "ಸಾರ್, ನೀವು ಎಷ್ಟು ಮನೆಗೆ ಹೊಡೆಸ್ತೀರಿ?" ಅಂದರು. ತಮ್ಮ ಗಾಡಿಯಲ್ಲಿದ್ದ ಒಂದು ಖಾಲಿ ಡಬ್ಬಿ ತಂದು ಅದರ ಹಿಂಭಾಗ ತೋರಿಸಿದರು. ಲೀಟರಿಗೆ 120ರಿಂದ 140 ಚದರ ಅಡಿ, ಎರಡು ಕೋಟ್‌ಗೆ, ಅಂತ ಅದರಲ್ಲೇ ಬರೆದಿತ್ತು. ಅದೂ ಪುಟ್ಟಿ, ಪ್ರೈಮರ್ ಆದ ನುಣುಪು ಗೋಡೆಗೆ. ಹಳೆ ಗೋಡೆಗೆ 110 ಇಟ್ಟುಕೊಳ್ಳಿ ಅಂತ ಅವರ ಲೆಕ್ಕ. ಅಂದರೆ ನಾನು ಕೇಳಿದ್ದ 110ರಲ್ಲೇ ಎರಡು ಕೋಟ್ ಸೇರಿತ್ತು. ನಾನು ಅದನ್ನು ಎರಡನೇ ಸಲ ಸೇರಿಸಿದ್ದೆ. ಕೆಲವು ಡಬ್ಬಿಗಳ ಮೇಲೆ ಒಂದು ಕೋಟಿನ ಲೆಕ್ಕವನ್ನೇ ಬರೆದಿರುತ್ತಾರೆ, ಆಗ ಅಂಕಿ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಅಂಕಿಯ ಪಕ್ಕ ಎಷ್ಟು ಕೋಟ್ ಅಂತ ಇದೆ ಅನ್ನುವುದನ್ನು ಮೊದಲು ಓದಬೇಕು.

ಆ ಸಂಜೆ ಟೇಪು ಹಿಡಿದು ಮತ್ತೆ ಅಳೆದೆ. ಈ ಸಲ ಬಾಗಿಲು ಕಿಟಕಿಗಳನ್ನು ಕಳೆದೆ. ಹಾಲಿನಲ್ಲಿ ಮುಂಬಾಗಿಲು 4ಕ್ಕೆ 7 ಅಡಿ, ಅಂದರೆ 28. ಒಳಬಾಗಿಲು ಎರಡು, ತಲಾ 21. ಅಡುಗೆಮನೆಗೆ ಹೋಗುವ ಜಾಗ ಬಾಗಿಲಿಲ್ಲದೆ ತೆರೆದೇ ಇದೆ, ಅದೂ 28. ಕಿಟಕಿ ಎರಡು, 5ಕ್ಕೆ 4 ಅಡಿ, ಸೇರಿ 40. ಒಟ್ಟು 138 ಹೋಯಿತು, 462 ಉಳಿಯಿತು.

ಇಲ್ಲಿಗೇ ನಿಲ್ಲಿಸಿದ್ದರೆ ಸ್ವಲ್ಪ ಕಮ್ಮಿ ಬೀಳುತ್ತಿತ್ತು. ನಮ್ಮ ಹೊರಗೋಡೆ 9 ಇಂಚು. ಕಿಟಕಿ ಚೌಕಟ್ಟು ಹೊರಗಡೆಗೆ ಕೂತಿದೆ, ಒಳಗಡೆ ಸುಮಾರು 5 ಇಂಚು ಗೋಡೆಯ ಬದಿ ಕಾಣುತ್ತದೆ. ಆ ಬದಿಗೂ ಬಣ್ಣ ಬೇಕಲ್ಲ. ಕೆಳಗೆ ಗ್ರಾನೈಟ್ ಹಾಸಿದೆ, ಅದು ಬೇಡ. ಎರಡು ಪಕ್ಕ ಮತ್ತು ಮೇಲ್ಗಡೆ ಸೇರಿ 13 ಅಡಿ ಉದ್ದ, 5 ಇಂಚು ಅಗಲ. ಒಂದು ಕಿಟಕಿಗೆ ಸುಮಾರು ಐದೂವರೆ ಚದರ ಅಡಿ. ಎರಡು ಕಿಟಕಿಗೆ 11, ಅಡುಗೆಮನೆಯ ತೆರೆದ ಜಾಗದ ಬದಿಗಳಿಗೆ 7. ಇವನ್ನು ಸೇರಿಸಿದ ಮೇಲೆ ಹಾಲಿಗೆ 480 ಬಂತು. 20 ಚದರ ಅಡಿ ಕಿಟಕಿ ಕಳೆದಾಗ ಕಾಲು ಭಾಗಕ್ಕಿಂತ ಜಾಸ್ತಿ ಹೀಗೆ ವಾಪಸ್ ಬಂದುಬಿಡುತ್ತದೆ. ರೂಮಿನಲ್ಲಿ ಎರಡು ಬಾಗಿಲು, ಒಂದು ಕಿಟಕಿ ಕಳೆದೆ. ಗೋಡೆಗೇ ಕೂರಿಸಿದ ವಾರ್ಡ್‌ರೋಬಿನ 42 ಚದರ ಅಡಿಯನ್ನೂ ಕಳೆದೆ, ಅದರ ಹಿಂದೆ ಯಾರೂ ಬಣ್ಣ ಹೊಡೆಯುವುದಿಲ್ಲ. 368 ಉಳಿಯಿತು.

ಎರಡೂ ಸೇರಿ 848, ಅಂದರೆ ಎಂಟು ಲೀಟರ್ ಸಾಕು ಅನ್ನಿಸಿತು. ಆದರೆ ಹಾಲಿಗೆ ಕೆನೆ ಬಣ್ಣ, ರೂಮಿಗೆ ತಿಳಿ ನೀಲಿ. ಬಣ್ಣ ಬೇರೆಯಾದರೆ ಒಟ್ಟು ಲೆಕ್ಕದಿಂದ ಪ್ರಯೋಜನವಿಲ್ಲ. ಡಬ್ಬಿ ಸಿಗುವುದು 1, 4, 10, 20 ಲೀಟರಿನಲ್ಲಿ. ಹಾಲಿಗೆ 4.4 ಲೀಟರ್ ಬೇಕು, ಹಾಗಾಗಿ ನಾಲ್ಕರದ್ದೊಂದು, ಒಂದರದ್ದೊಂದು. ರೂಮಿಗೆ 3.3, ನಾಲ್ಕರ ಡಬ್ಬಿಯಲ್ಲೇ ಮುಗಿಯುತ್ತದೆ. ರೂಮಿನ ಬಾಗಿಲು, ಕಿಟಕಿ, ವಾರ್ಡ್‌ರೋಬ್ ಕಳೆಯದೆ ಇದ್ದಿದ್ದರೆ 4.2 ಬರುತ್ತಿತ್ತು. ಆ ಕಾಲು ಲೀಟರಿಗೂ ಕಮ್ಮಿ ಬಣ್ಣಕ್ಕೆ ಇನ್ನೊಂದು ಡಬ್ಬಿ ಸುಮ್ನೆ ಬರುತ್ತಿತ್ತು.

ಬಿ.ಎಂ. ರಸ್ತೆಯ ಅಂಗಡಿಯಲ್ಲಿ ನಾಲ್ಕು ಲೀಟರಿಗೆ 1,400, ಒಂದು ಲೀಟರಿಗೆ 380 ರೂಪಾಯಿ ಕೊಟ್ಟೆ. ಮಧ್ಯಮ ದರ್ಜೆಯ ಎಮಲ್ಷನ್, ತಿಳಿ ಶೇಡ್. ಗಾಢ ಶೇಡ್ ಆದರೆ ದರ ಏರುತ್ತದೆ, ಶೇಡ್ ಆರಿಸಿದ ಮೇಲೇ ಬೆಲೆ ಕೇಳಿ.

ಕೂಲಿ ಮಾತಾಡುವಾಗ ಇದೇ ಅಳತೆ ಮತ್ತೆ ಎದ್ದಿತು. ಪುಟ್ಟಿ ತೇಪೆ, ಉಜ್ಜುವುದು, ಎರಡು ಕೋಟ್ ಸೇರಿ ಚದರ ಅಡಿಗೆ 9 ರೂಪಾಯಿ. ಆದರೆ ಪೇಂಟರ್ 1,060ಕ್ಕೇ ಕೇಳಿದರು. "ಕಿಟಕಿ ಕಳೆದ್ರೆ ಹೆಂಗೆ ಸಾರ್? ಗ್ರಿಲ್‌ಗೆ ತಾಗದ ಹಾಗೆ ಅಂಚು ಎಳೆಯೋದಕ್ಕೇ ಅರ್ಧ ಗಂಟೆ ಹೋಗುತ್ತೆ." ಅವರ ಮಾತಿನಲ್ಲೂ ನ್ಯಾಯವಿತ್ತು. ಬಣ್ಣ ಖರ್ಚಾಗುವುದು ಗೋಡೆಯ ಅಳತೆಗೆ, ಶ್ರಮ ಖರ್ಚಾಗುವುದು ಅಂಚುಗಳಿಗೆ. ಕೊನೆಗೆ ಬಾಗಿಲು, ವಾರ್ಡ್‌ರೋಬ್ ಕಳೆಯೋಣ, ಕಿಟಕಿ ಕಳೆಯುವುದು ಬೇಡ, ಬದಿಗಳಿಗೆ ಬೇರೆ ದುಡ್ಡಿಲ್ಲ ಅಂತ ಒಪ್ಪಿಕೊಂಡೆವು. 881 ಚದರ ಅಡಿ, 7,929 ರೂಪಾಯಿ. ಇದನ್ನು ಕೆಲಸ ಶುರುವಾಗುವ ಮೊದಲೇ ಮಾತಾಡಿದ್ದು ಒಳ್ಳೆಯದಾಯಿತು.

ಇಷ್ಟೆಲ್ಲಾ ಲೆಕ್ಕ ಹಾಕಿಯೂ ಒಂದು ಕಡೆ ಎಡವಿದೆ. ಹಾಲಿನಲ್ಲಿ ಟಿವಿ ಹಿಂದಿನ ಗೋಡೆಗೆ ಮೊದಲು ಗಾಢ ಹಸಿರು ಇತ್ತು. ಎರಡು ಕೋಟ್ ಆಗಿ, ಮರುದಿನ ಬೆಳಿಗ್ಗೆ ಬಿಸಿಲು ಬಿದ್ದಾಗ ಒಳಗಿನ ಹಸಿರು ಇಣುಕುತ್ತಿತ್ತು. ಮೂರನೇ ಕೋಟ್ ಬೇಕಾಯಿತು. ಎರಡು ಕೋಟ್‌ಗೆ ಲೀಟರಿಗೆ 110 ಆದರೆ ಒಂದು ಕೋಟ್‌ಗೆ 220. ಆ ಗೋಡೆ 140 ಚದರ ಅಡಿ, ಅಂದರೆ ಸುಮಾರು 0.6 ಲೀಟರ್. ಮೊದಲಿನ 4.4ಕ್ಕೆ ಸೇರಿಸಿದರೆ ಐದಕ್ಕೆ ಐದು. ರೋಲರ್ ಕುಡಿಯುವುದು, ಟ್ರೇ ತಳದಲ್ಲಿ ಒಣಗುವುದು ಇದರಲ್ಲಿ ಸೇರಿರಲಿಲ್ಲ. ಡಬ್ಬಿಯಲ್ಲಿ ಉಳಿದದ್ದು ಅರ್ಧ ಗೋಡೆಗೂ ಸಾಲುತ್ತಿರಲಿಲ್ಲ. ಸ್ವಲ್ಪ ನೀರು ಜಾಸ್ತಿ ಬೆರೆಸಿ ಎಳೆದುಬಿಡಿ ಅಂದೆ. ಪೇಂಟರ್ ಒಪ್ಪಲಿಲ್ಲ. ಡಬ್ಬಿಯಲ್ಲಿ ಹೇಳಿದ್ದಕ್ಕಿಂತ ನೀರು ಹೆಚ್ಚಾದರೆ ಬಣ್ಣದ ಪದರ ತೆಳುವಾಗುತ್ತದೆ, ಆಮೇಲೆ ಹಸಿರು ಮತ್ತೆ ಕಾಣುತ್ತದೆ ಅಂದರು.

ಇನ್ನೊಂದು ಲೀಟರ್ ತಂದೆ. ಅಂಗಡಿಯ ಯಂತ್ರದಲ್ಲಿ ಅದೇ ಶೇಡ್ ನಂಬರ್ ಕೊಟ್ಟರೂ ಎರಡನೇ ಸಲ ಬೆರೆಸಿದ್ದು ಕೂದಲೆಳೆಯಷ್ಟು ಬೇರೆ ಇರಬಹುದು. ಅದಕ್ಕೆ ಹೊಸ ಡಬ್ಬಿಯನ್ನು ಗೋಡೆಯ ನಡುವೆ ಶುರು ಮಾಡದೆ ಆ ಮೂಲೆಯಿಂದ ಈ ಮೂಲೆಗೆ ಪೂರ್ತಿ ಅದರಲ್ಲೇ ಹೊಡೆದರು. ಮೂಲೆಯಲ್ಲಿ ಬೆಳಕು ಹೇಗೂ ಬದಲಾಗುತ್ತದೆ, ಈಗ ಹುಡುಕಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆ ಗೋಡೆಗೆ ಮೊದಲೇ ಬಿಳಿ ಪ್ರೈಮರ್ ಒಂದು ಕೈ ಹೊಡೆಸಿದ್ದರೆ ಅರ್ಧ ಬೆಲೆಗೆ ಕೆಲಸ ಆಗುತ್ತಿತ್ತು. ಪ್ರೈಮರ್ ತಂದಿದ್ದೆ, ಆದರೆ ಪುಟ್ಟಿ ತೇಪೆಗಳಿಗೆ ಮಾತ್ರ ಅಂತ ಒಂದೇ ಲೀಟರ್.

ಬಣ್ಣಕ್ಕೆ 3,560, ಕೂಲಿ 7,929, ಪುಟ್ಟಿ, ಪ್ರೈಮರ್, ಉಜ್ಜುವ ಕಾಗದ, ಟೇಪು ಎಲ್ಲಾ ಸೇರಿ 880. ಒಟ್ಟು 12,369 ರೂಪಾಯಿ. ತಿಳಿ ನೀಲಿ ಅರ್ಧ ಲೀಟರಿನಷ್ಟು, ಕೆನೆ ಬಣ್ಣ ಒಂದು ಲೋಟ ಉಳಿದಿದೆ. ಮುಚ್ಚಳ ಬಿಗಿಯಾಗಿ ಹಾಕಿ, ಮೇಲೆ ಶೇಡ್ ನಂಬರ್ ಬರೆದು ಅಟ್ಟದ ಮೇಲೆ ಇಟ್ಟಿದ್ದೇನೆ. ಮೊನ್ನೆ ಮಗಳು ಸೈಕಲ್ ತಾಗಿಸಿ ಹಾಲ್ ಗೋಡೆ ಕೆರೆದಳು, ಆ ಲೋಟದಲ್ಲಿ ಕಾಲು ಭಾಗ ಖರ್ಚಾಯಿತು.