ಎಲ್ಲಾ ಪಂಪಿನ ಸ್ಪೇರ್ಸೇ, ಬಿಲ್ ಆಫ್ ಎಂಟ್ರೀಲಿ ಡ್ಯೂಟಿ ಮಾತ್ರ ಯಾಕೆ ಬೇರೆ ಬೇರೆ? (ನನ್ನ ಅನುಭವ)

ನಾನು ಸಣ್ಣ ಫ್ಯಾಕ್ಟರಿಗಳ ಇಂಪೋರ್ಟ್ ಪೇಪರ್ಸ್ ನೋಡ್ಕೊಳ್ಳೋನು. ಹೊರಗಿಂದ ಬಂದ ಸಾಮಾನಿಗೆ ಕಸ್ಟಮ್ಸಿಗೆ ಕೊಡೋ ಬಿಲ್ ಆಫ್ ಎಂಟ್ರಿ ಫೈಲ್ ಮಾಡೋದು ಕಸ್ಟಮ್ಸ್ ಏಜೆಂಟ್, ಅಂದ್ರೆ ಸಿಎಚ್‌ಎ, ಆದ್ರೆ ದುಡ್ಡು ಕಟ್ಟೋ ಮಾಲೀಕರ ಜೊತೆ ಕೂತ್ಕೊಂಡು ಆ ಇಂಗ್ಲಿಷ್ ಹಾಳೇಲಿ ಯಾವ ನಂಬರ್ ಯಾಕಿದೆ ಅಂತ ಕನ್ನಡದಲ್ಲಿ ಬಿಡಿಸಿ ಹೇಳೋ ಕೆಲಸ ನನ್ನ ಪಾಲಿಗೆ ಬರುತ್ತೆ. ಅದರಲ್ಲಿ ಪದೇ ಪದೇ ಬರೋ ಪ್ರಶ್ನೆ ಒಂದಿದೆ, ಅದಕ್ಕೆ ನಾನು ಹೇಗೆ ಉತ್ತರ ಕೊಡ್ತೀನಿ ಅಂತ ಒಂದು ನಿಜವಾದ ಕೇಸ್ ಇಟ್ಕೊಂಡು ಬರೀತಿದೀನಿ.

ಪಂಪ್ ಅಸೆಂಬ್ಲಿ ಮಾಡೋ ಒಬ್ರು ಸೆಂಟ್ರಿಫ್ಯೂಗಲ್ ಪಂಪಿನ ಸ್ಪೇರ್ಸ್ ತರಿಸಿದ್ರು. ಇಂಪೆಲ್ಲರ್, ಮೆಕ್ಯಾನಿಕಲ್ ಸೀಲ್, ರಬ್ಬರ್ ಓ-ರಿಂಗ್, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು, ನಾಲ್ಕು ಐಟಂ. ಬಿಲ್ ಕೈಗೆ ಬಂದ ತಕ್ಷಣ ಫೋನ್ ಮಾಡಿ, "ಸರ್, ಎಲ್ಲಾ ಒಂದೇ ಪಂಪಿಗೆ ಹೋಗೋ ಸಾಮಾನು, ಸೀಲಿಗೆ ಏಳೂವರೆ, ಓ-ರಿಂಗಿಗೆ ಹತ್ತು, ಬೋಲ್ಟಿಗೆ ಹದಿನೈದು ಪರ್ಸೆಂಟ್ ಹಾಕಿದಾರೆ, ಸಿಎಚ್‌ಎ ಏನಾದ್ರೂ ಎಡವಟ್ಟು ಮಾಡಿದಾರಾ ನೋಡಿ" ಅಂದ್ರು. ಸಪ್ಲೈಯರ್ ಇನ್‌ವಾಯ್ಸಲ್ಲಿ ನಾಲ್ಕಕ್ಕೂ ಪಂಪ್ ಪಾರ್ಟ್ಸ್ ಕೋಡೇ ಇತ್ತು, ಅದಕ್ಕೇ ಅವರಿಗೆ ಅನುಮಾನ.

ನಾನು ಮೊದಲು ತೆಗೆಯೋದು ಬಿಲ್ಲಿನ ಮೂರನೇ ಭಾಗ, ಡ್ಯೂಟೀಸ್ ಅಂತ ಇರೋದು. ಮೊದಲ ಪೇಜಲ್ಲಿ ಬರೀ ಒಟ್ಟು ಮೊತ್ತ ಇರುತ್ತೆ, ಅದನ್ನ ನೋಡಿ ಏನೂ ಗೊತ್ತಾಗಲ್ಲ. ಮೂರನೇ ಭಾಗದಲ್ಲಿ ಒಂದೊಂದು ಐಟಂಗೂ ಒಂದೊಂದು ಚೌಕ ಇರುತ್ತೆ, ಮೇಲ್ಗಡೆ CTH ಅಂತ ಎಂಟು ಅಂಕಿಯ ಟ್ಯಾರಿಫ್ ಕೋಡ್, ಕೆಳಗೆ ಬೇಸಿಕ್ ಡ್ಯೂಟಿಗೆ BCD, ಸೋಶಿಯಲ್ ವೆಲ್ಫೇರ್ ಸರ್‌ಚಾರ್ಜಿಗೆ SWS, ಇಂಪೋರ್ಟ್ ಮೇಲಿನ ಜಿಎಸ್‌ಟಿಗೆ IGST ಅಂತ ಕಾಲಂಗಳು, ಪ್ರತಿ ಕಾಲಂ ಕೆಳಗೂ NOTN NO, RATE, AMOUNT, DUTY FG. ಕಣ್ಣಿಗೆ ಗಜಿಬಿಜಿ ಅನ್ಸುತ್ತೆ, ಆದ್ರೆ ಓದೋ ಕ್ರಮ ಒಂದೇ: ಮೊದಲು ಕೋಡ್, ಆಮೇಲೆ ಯಾವ ಮೊತ್ತದ ಮೇಲೆ ಹಾಕಿದಾರೆ ಅನ್ನೋದು, ಆಮೇಲೆ ರೇಟು.

ಕೋಡ್ ವಿಷಯಕ್ಕೆ ಬಂದ್ರೆ, ಎಂಟು ಅಂಕಿಯಲ್ಲಿ ಮೊದಲ ಎರಡು ಚಾಪ್ಟರ್, ನಾಲ್ಕಾದ್ರೆ ಹೆಡಿಂಗ್, ಆರಾದ್ರೆ ಸಬ್ ಹೆಡಿಂಗ್. ಈ ಆರರ ತನಕ ಪ್ರಪಂಚದ ಹೆಚ್ಚುಕಮ್ಮಿ ಎಲ್ಲಾ ದೇಶದಲ್ಲೂ ಒಂದೇ, ಕೊನೇ ಎರಡು ಮಾತ್ರ ನಮ್ಮ ದೇಶದ್ದು, 1975ರ ಕಸ್ಟಮ್ಸ್ ಟ್ಯಾರಿಫ್ ಆಕ್ಟಿನ ಮೊದಲ ಶೆಡ್ಯೂಲಲ್ಲಿ ಇರೋದು. ಹಾಗಾಗಿ ಹೊರಗಿನ ಸಪ್ಲೈಯರ್ ಬರೆದ ಹತ್ತು ಅಂಕಿಯ ಕೋಡಲ್ಲಿ ಆರರ ನಂತರದ್ದು ನಮಗೆ ಲೆಕ್ಕಕ್ಕಿಲ್ಲ, ಆ ಆರು ಕೂಡ ಅವರು ಸರಿಯಾಗೇ ಹಾಕಿರ್ತಾರೆ ಅಂತೇನಿಲ್ಲ. ಇಲ್ಲಿ ಕೋಡ್ ಡಿಕ್ಲೇರ್ ಮಾಡೋ ಜವಾಬ್ದಾರಿ ಇಂಪೋರ್ಟರ್ ಮೇಲೇ ಇರೋದು, ಸಪ್ಲೈಯರ್ ಹೀಗೆ ಬರೆದಿದ್ದ ಅನ್ನೋದು ನಾಳೆ ಉತ್ತರ ಆಗಲ್ಲ.

ಈಗ ಅಸಲಿ ಪ್ರಶ್ನೆ, ಪಂಪಿನ ಪಾರ್ಟ್ ಎಲ್ಲಾ ಪಂಪ್ ಪಾರ್ಟ್ಸ್ ಹೆಡಿಂಗಿಗೆ ಯಾಕೆ ಹೋಗಲ್ಲ. ಇದಕ್ಕೆ ಉತ್ತರ ರೇಟಿನ ಪಟ್ಟಿಯಲ್ಲಿಲ್ಲ, ಪಟ್ಟಿ ಶುರುವಾಗೋಕೆ ಮುಂಚೆ ಇರೋ ಸೆಕ್ಷನ್ ನೋಟ್ಸಲ್ಲಿದೆ, ತುಂಬಾ ಜನ ಅದನ್ನ ತೆಗೆದೇ ನೋಡಲ್ಲ. ಮೆಷಿನರಿ ಬರೋದು ಹದಿನಾರನೇ ಸೆಕ್ಷನಲ್ಲಿ, ಅಂದ್ರೆ ಚಾಪ್ಟರ್ 84 ಮತ್ತು 85. ಆ ಸೆಕ್ಷನ್ನಿನ ಮೊದಲ ನೋಟು, ಇಲ್ಲಿಗೆ ಯಾವ್ಯಾವ್ದು ಬರಲೇಬಾರದು ಅಂತ ಹೇಳುತ್ತೆ. ಮೆಷಿನ್ನಿಗೆ ಹಾಕೋ ಗಟ್ಟಿ ರಬ್ಬರ್ ಅಲ್ಲದ ವಲ್ಕನೈಸ್ಡ್ ರಬ್ಬರ್ ಸಾಮಾನು 4016ಕ್ಕೆ ಹೋಗ್ಬೇಕು ಅಂತಿದೆ, ಅಲ್ಲಿಗೆ ಓ-ರಿಂಗ್ ಹೊರಗೆ ಹೋಯ್ತು. ಪಾರ್ಟ್ಸ್ ಆಫ್ ಜನರಲ್ ಯೂಸ್ ಕೂಡ ಇಲ್ಲಿಗೆ ಬರಲ್ಲ ಅಂತಿದೆ. ಅದು ಏನು ಅನ್ನೋದು ಹದಿನೈದನೇ ಸೆಕ್ಷನ್ನಿನ ಎರಡನೇ ನೋಟಲ್ಲಿದೆ, ಅದರಲ್ಲಿ 7318 ಅಂತ ಹೆಸರಿಟ್ಟೇ ಬರೆದಿದಾರೆ, ಅಂದ್ರೆ ಕಬ್ಬಿಣ ಉಕ್ಕಿನ ಸ್ಕ್ರೂ, ಬೋಲ್ಟ್, ನಟ್ಟು. ಬೋಲ್ಟೂ ಹೊರಗೆ ಹೋಯ್ತು.

ಇಲ್ಲಿ ಮಾಲೀಕರು ತಡೆದ್ರು, "ಇದು ಅಂಗಡೀಲಿ ಸಿಗೋ ಬೋಲ್ಟಲ್ಲ ಸರ್, ಈ ಪಂಪಿಗೇ ಅಂತ ಮಾಡಿಸಿದ ಸೈಜು" ಅಂತ. ನ್ಯಾಯವಾದ ಮಾತೇ, ಆದ್ರೆ ನೋಟು ಕೇಳೋದು ಅದು ಬೋಲ್ಟ್ ಹೌದಾ ಅಲ್ವಾ ಅಂತ, ಯಾವ ಮೆಷಿನ್ನಿಗೆ ಮಾಡಿಸಿದ್ದು ಅಂತ ಅಲ್ಲ. ಪಂಪಿಗೆ ಅಂತ ಸ್ಪೆಷಲ್ ಆಗಿ ಮಾಡಿಸಿದ ಬೋಲ್ಟೂ ಬೋಲ್ಟೇ, 7318ಲ್ಲೇ ಇರುತ್ತೆ.

ಉಳಿದಿದ್ದು ಸೀಲು, ಇಂಪೆಲ್ಲರು. ಅದೇ ಹದಿನಾರನೇ ಸೆಕ್ಷನ್ನಿನ ಎರಡನೇ ನೋಟು ಹೇಳೋದು ಏನಂದ್ರೆ, ಆ ಪಾರ್ಟಿಗೇ 84ರಲ್ಲೋ 85ರಲ್ಲೋ ಸ್ವಂತ ಹೆಡಿಂಗ್ ಇದ್ರೆ (ಬರೀ ಪಾರ್ಟ್ಸಿಗೆ ಅಂತಲೇ ಇರೋ ಕೆಲವು ಹೆಡಿಂಗ್ ಬಿಟ್ಟು) ಅದು ಅಲ್ಲಿಗೇ ಹೋಗ್ಬೇಕು, ಇಲ್ದಿದ್ರೆ ಮಾತ್ರ ಯಾವ ಮೆಷಿನ್ನಿಗೆ ಮುಖ್ಯವಾಗಿ ಹೊಂದುತ್ತೋ ಅದರ ಜೊತೆ. ಮೆಕ್ಯಾನಿಕಲ್ ಸೀಲಿಗೆ ಸ್ವಂತ ಜಾಗ ಇದೆ, 8484 20 00. ಬೇರಿಂಗ್ ತರಿಸಿದ್ರೆ ಅದೂ ಹೀಗೇ 8482ಕ್ಕೆ ಹೋಗುತ್ತೆ. ಇಂಪೆಲ್ಲರಿಗೆ ಸ್ವಂತ ಹೆಡಿಂಗ್ ಇಲ್ಲ, ಪಂಪ್ ಬಿಟ್ರೆ ಅದಕ್ಕೆ ಬೇರೆ ಕೆಲಸನೂ ಇಲ್ಲ, ಹಾಗಾಗಿ ಅದೊಂದೇ ನಿಜವಾಗ್ಲೂ ಪಂಪ್ ಪಾರ್ಟ್ ಅಂತ 8413 91ರ ಕೆಳಗೆ ಕೂತಿದ್ದು. ಅಂದ್ರೆ ಸಿಎಚ್‌ಎ ಹಾಕಿದ್ದ ನಾಲ್ಕು ಕೋಡೂ ಸರಿ ಇತ್ತು.

ಇನ್ನು ರೇಟು. ಇಲ್ಲಿ ಎಲ್ಲರೂ ಮಾಡೋ ಲೆಕ್ಕ ಏನಂದ್ರೆ, ಬೋಲ್ಟಿನ ಸಾಲಲ್ಲಿ 15, 10, 18 ಅಂತಿದೆ, ಕೂಡಿದ್ರೆ 43 ಪರ್ಸೆಂಟ್, ಅಯ್ಯೋ ಇಷ್ಟೊಂದಾ ಅಂತ. ಹಾಗಲ್ಲ, ಮೂರೂ ಬೇರೆ ಬೇರೆ ಮೊತ್ತದ ಮೇಲೆ ಬೀಳುತ್ತೆ. ಬೇಸಿಕ್ ಡ್ಯೂಟಿ ಬೀಳೋದು ಅಸೆಸಬಲ್ ವ್ಯಾಲ್ಯೂ ಮೇಲೆ, ಅಂದ್ರೆ ಕಸ್ಟಮ್ಸ್ ಲೆಕ್ಕಕ್ಕೆ ಹಿಡಿಯೋ ಸಾಮಾನಿನ ಬೆಲೆ ಮೇಲೆ. ಸೋಶಿಯಲ್ ವೆಲ್ಫೇರ್ ಸರ್‌ಚಾರ್ಜ್ 10 ಅಂತ ಇರೋದು ಸಾಮಾನಿನ ಬೆಲೆ ಮೇಲಲ್ಲ, ಬೇಸಿಕ್ ಡ್ಯೂಟಿ ಮೊತ್ತದ ಮೇಲೆ. ಐಜಿಎಸ್‌ಟಿ ಬೀಳೋದು ಬೆಲೆ, ಡ್ಯೂಟಿ, ಸರ್‌ಚಾರ್ಜ್ ಮೂರೂ ಕೂಡಿದ ಮೇಲೆ. ಲೆಕ್ಕ ಸುಲಭ ಆಗ್ಲಿ ಅಂತ ಅವರಿಗೆ ಬೋಲ್ಟಿನ ಬೆಲೆ 1,00,000 ಅಂತ ಇಟ್ಕೊಂಡು ಹೀಗೆ ಬರೆದು ತೋರಿಸ್ದೆ:

```
BCD  = 1,00,000 x 15%  = 15,000
SWS  =   15,000 x 10%  =  1,500
IGST = 1,16,500 x 18%  = 20,970
TOTAL                  = 37,470
```

ಅಂದ್ರೆ ಒಟ್ಟು 37.47 ಪರ್ಸೆಂಟ್, 43 ಅಲ್ಲ. ಇದೇ ಲಕ್ಷ ರೂಪಾಯಿಯ ಮೆಕ್ಯಾನಿಕಲ್ ಸೀಲಿಗಾದ್ರೆ ಬೇಸಿಕ್ 7,500, ಸರ್‌ಚಾರ್ಜ್ 750, ಐಜಿಎಸ್‌ಟಿ 19,485, ಒಟ್ಟು 27,735. ಎರಡರ ಮಧ್ಯೆ 9,735 ರೂಪಾಯಿ ವ್ಯತ್ಯಾಸ. ಆದ್ರೆ ಜಿಎಸ್‌ಟಿ ರಿಜಿಸ್ಟರ್ ಆಗಿರೋ ಫ್ಯಾಕ್ಟರಿಗೆ, ಆ ಸಾಮಾನು ಬಿಸಿನೆಸ್ಸಿಗೇ ಬಳಕೆ ಆಗ್ತಿದ್ರೆ, ಐಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತೆ, ಬೇಸಿಕ್ಕೂ ಸರ್‌ಚಾರ್ಜೂ ಮಾತ್ರ ಬರಲ್ಲ. ಹಾಗಾಗಿ ಕಾಸ್ಟಿಂಗಲ್ಲಿ ಹಿಡೀಬೇಕಾದ್ದು ಬೋಲ್ಟಿಗೆ 16,500, ಸೀಲಿಗೆ 8,250, ಅಷ್ಟೇ. ಮಾಲೀಕರು ಒಟ್ಟು ಮೊತ್ತಾನೇ ಖರ್ಚು ಅಂತ ಹಿಡಿದು ಪಂಪಿನ ರೇಟ್ ಹಾಕ್ತಿದ್ರು, ಅವತ್ತು ಅವರಿಗೆ ಡ್ಯೂಟಿ ರೇಟಿಗಿಂತ ಇದೇ ದೊಡ್ಡ ವಿಷಯ ಆಯ್ತು.

ಅಸೆಸಬಲ್ ವ್ಯಾಲ್ಯೂ ಬಗ್ಗೆ ಒಂದು ಮಾತು. ಬ್ಯಾಂಕಲ್ಲಿ ಸಪ್ಲೈಯರಿಗೆ ಕಳಿಸಿದ ರೂಪಾಯಿಗೂ ಇದಕ್ಕೂ ತಾಳೆ ಆಗಲ್ಲ, ಆಗ್ಬೇಕಾಗೂ ಇಲ್ಲ. ಕಸ್ಟಮ್ಸ್ ನೋಟಿಫೈ ಮಾಡಿದ ಎಕ್ಸ್‌ಚೇಂಜ್ ರೇಟಲ್ಲಿ ಪರಿವರ್ತನೆ ಮಾಡ್ತಾರೆ, ಜೊತೆಗೆ ಇನ್‌ವಾಯ್ಸ್ ಬೆಲೆ ಎಫ್‌ಒಬಿ ಆಗಿದ್ರೆ, ಅಂದ್ರೆ ಹಡಗಿಗೆ ಹತ್ತಿಸೋ ತನಕದ ಬೆಲೆ ಮಾತ್ರ ಆಗಿದ್ರೆ, ಬರೋ ದಾರಿಯ ಫ್ರೈಟು, ಇನ್ಶೂರೆನ್ಸ್ ಸೇರಿಸಿ ಐಟಂಗಳಿಗೆ ಹಂಚಿರ್ತಾರೆ. ಇನ್ಶೂರೆನ್ಸ್ ಎಷ್ಟು ಅಂತ ಗೊತ್ತಿಲ್ದಿದ್ರೆ ಎಫ್‌ಒಬಿ ಬೆಲೆಯ 1.125 ಪರ್ಸೆಂಟ್ ಅಂತ ಹಿಡೀತಾರೆ.

NOTN NO ಕಾಲಮನ್ನ ನಾನು ಬಿಡದೆ ನೋಡ್ತೀನಿ. ಬೇಸಿಕ್ ಡ್ಯೂಟಿ ಕೆಳಗೆ ಅದು ಖಾಲಿ ಇದ್ರೆ ಟ್ಯಾರಿಫಲ್ಲಿರೋ ಮಾಮೂಲಿ ರೇಟೇ ಹಾಕಿದಾರೆ ಅಂತ ಅರ್ಥ. ನಂಬರ್ ಇದ್ರೆ ಯಾವುದೋ ನೋಟಿಫಿಕೇಶನ್ ಪ್ರಕಾರ ರೇಟು ಬಂದಿದೆ, ಅದು ರಿಯಾಯಿತಿ ಆಗಿದ್ರೆ ಬಿಟ್ಟ ಮೊತ್ತ DUTY FG ಅಂತ ಕಾಣುತ್ತೆ. ಉದಾಹರಣೆಗೆ ಆಸಿಯಾನ್ ದೇಶಗಳಿಂದ ಬಂದ ಸಾಮಾನಿಗೆ 46/2011 ಅಂತ ಇರುತ್ತೆ. ಹಾಗಿದ್ರೆ ಸರ್ಟಿಫಿಕೇಟ್ ಆಫ್ ಒರಿಜಿನ್ ಫೈಲಲ್ಲಿ ಇರ್ಲೇಬೇಕು, ಸಾಮಾನು ಆ ದೇಶದಲ್ಲೇ ನಿಯಮದ ಪ್ರಕಾರ ತಯಾರಾಗಿದೆ ಅನ್ನೋದಕ್ಕೆ ಮಾಹಿತಿನೂ ಕೈಯಲ್ಲಿರ್ಬೇಕು. ಈ ಕೇಸಲ್ಲಿ ಕಾಲಂ ಖಾಲಿ ಇತ್ತು.

ಎಲ್ಲಾ ಕೇಳಿದ ಮೇಲೆ ಅವರು ಕೇಳಿದ್ದು, ಮುಂದಿನ ಸಲ ಸಪ್ಲೈಯರ್ ಕೋಡನ್ನೇ ಹಾಕಿ ಎಲ್ಲಾ ಏಳೂವರೆಯಲ್ಲಿ ತಂದ್ರೆ ಏನಾಗುತ್ತೆ ಅಂತ. ಕ್ಲಿಯರ್ ಆಗಿಬಿಡಬಹುದು, ಆದ್ರೆ ಅಲ್ಲಿಗೆ ಮುಗಿಯಲ್ಲ. ಕಡಿಮೆ ಕಟ್ಟಿದ ಡ್ಯೂಟಿಗೆ ಎರಡು ವರ್ಷದ ತನಕ ನೋಟಿಸ್ ಬರಬಹುದು, ಬೇಕಂತಲೇ ತಪ್ಪು ಹೇಳಿದ್ದು ಅಂತಾದ್ರೆ ಐದು ವರ್ಷ, ಅದಕ್ಕೆ ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ, ದಂಡ ಬೇರೆ. ಅಷ್ಟೊತ್ತಿಗೆ ಆ ಬೋಲ್ಟ್ ಹಾಕಿದ ಪಂಪು ಮಾರಿ ಆಗಿರುತ್ತೆ, ಯಾರ ಹತ್ರ ವಸೂಲಿ ಮಾಡೋದು? ನಾನು ಬೇಡ ಅಂತ ಖಡಾಖಂಡಿತವಾಗಿ ಹೇಳ್ದೆ, ಅವರೂ ಒಪ್ಪಿದ್ರು.

ಅದರ ಬದಲು ಇನ್‌ವಾಯ್ಸ್ ಬರೆಸೋ ರೀತಿ ಬದಲಾಯಿಸಿದ್ವಿ. ಪಂಪ್ ಸ್ಪೇರ್ಸ್ ಅಂತ ಒಂದೇ ಸಾಲು ಬೇಡ, ಐಟಂವಾರು ಹೆಸರು, ಯಾವ ಮೆಟೀರಿಯಲ್, ಎಷ್ಟು ಪೀಸು, ಒಂದೊಂದರ ಬೆಲೆ ಬೇರೆ ಬೇರೆ ಬರಲಿ ಅಂತ ಸಪ್ಲೈಯರಿಗೆ ಪರ್ಚೇಸ್ ಆರ್ಡರಲ್ಲೇ ಹಾಕಿದ್ವಿ, ಸೀಲಿನ ಕ್ಯಾಟಲಾಗ್ ಪೇಜೂ ತರಿಸ್ಕೊಂಡ್ವಿ. ಆಗ ಇನ್ನೊಂದು ವಿಷಯ ಹೊರಗೆ ಬಂತು, ಸಪ್ಲೈಯರ್ ಓ-ರಿಂಗ್ ಮತ್ತೆ ಲೋಹದ ಗ್ಯಾಸ್ಕೆಟ್ ಎರಡನ್ನೂ ಸೇರಿಸಿ ಒಂದೇ ಪೌಚಲ್ಲಿ ಗ್ಯಾಸ್ಕೆಟ್ ಕಿಟ್ ಅಂತಾನೂ ಕೊಡ್ತಾನೆ. ಬೇರೆ ಬೇರೆ ವಸ್ತುವಿನ ಗ್ಯಾಸ್ಕೆಟ್‌ಗಳು ಒಟ್ಟಿಗೆ ಪೌಚಲ್ಲೋ ಕವರಲ್ಲೋ ಸೆಟ್ ಆಗಿ ಬಂದ್ರೆ ಅದು 8484ರ ಮಾತಲ್ಲೇ ಹೇಳಿರೋ ಸಾಮಾನು, 8484 90 00ಕ್ಕೆ ಹೋಗುತ್ತೆ, 4016ಕ್ಕಲ್ಲ. ಬರೀ ರಬ್ಬರ್ ರಿಂಗುಗಳೇ ಬೇರೆ ಬೇರೆ ಸೈಜಲ್ಲಿ ಒಂದು ಪೌಚಲ್ಲಿದ್ರೆ ಮಾತ್ರ ಈ ದಾರಿ ಇಲ್ಲ, ಎಲ್ಲಾ ಒಂದೇ ವಸ್ತು ಆಯ್ತಲ್ಲ. ಹಾಗಾಗಿ ಅವರಿಗೆ ನಿಜವಾಗ್ಲೂ ಕಿಟ್ಟೇ ಬೇಕಿರೋ ಮಾಡೆಲ್‌ಗಳಿಗೆ ಕಿಟ್ ಅಂತಲೇ ಆರ್ಡರ್ ಹಾಕಿ, ಪೌಚಿನ ಒಳಗೆ ಏನೇನಿದೆ ಅನ್ನೋ ಪಟ್ಟಿ ಪ್ಯಾಕಿಂಗ್ ಲಿಸ್ಟಲ್ಲಿ ಬರೋ ಹಾಗೆ ಮಾಡಿ, ಬಿಡಿ ಓ-ರಿಂಗನ್ನ ಮೊದಲಿನ ಹಾಗೇ 4016ರಲ್ಲಿ ಹತ್ತು ಪರ್ಸೆಂಟಿಗೇ ಇಟ್ವಿ.