ಚೆಕ್‌ಪಾಯಿಂಟ್ ಎಲ್ಲಿಡಬೇಕು, ಆಟೋಸೇವ್ ಯಾವಾಗ ಆಗಬೇಕು?

ಆ್ಯಕ್ಷನ್ ಗೇಮ್ ಮಾಡಲು ಹೊರಟವರು ಶತ್ರುಗಳನ್ನು, ಆಯುಧಗಳನ್ನು ತಿಂಗಳುಗಟ್ಟಲೆ ತಿದ್ದುತ್ತಾರೆ. ಚೆಕ್‌ಪಾಯಿಂಟ್ ಇಡುವ ಕೆಲಸ ಕೊನೆಯ ವಾರಕ್ಕೆ ಉಳಿಯುತ್ತದೆ. ಆದರೆ ಶತ್ರು ಅದೇ ಇದ್ದರೂ, ಚೆಕ್‌ಪಾಯಿಂಟ್ ಅರ್ಧ ನಿಮಿಷ ಹಿಂದಿದ್ದರೆ ಆಟಗಾರ ಧೈರ್ಯವಾಗಿ ನುಗ್ಗುತ್ತಾನೆ, ಐದು ನಿಮಿಷ ಹಿಂದಿದ್ದರೆ ಗೋಡೆ ಮರೆಯಿಂದ ಇಣುಕಿ ನೋಡುತ್ತಾನೆ. ನಿಮ್ಮ ಗೇಮ್‌ನಲ್ಲಿ ಇದನ್ನು ಸರಿಯಾಗಿ ಜೋಡಿಸುವುದು ಹೇಗೆ ಅಂತ ನೋಡೋಣ.

ಮೊದಲು, ಎರಡನ್ನೂ ಬೇರೆ ಮಾಡಿ

ಕಾಗದದ ಮೇಲೆ ಎರಡು ಪ್ರಶ್ನೆ ಬರೆದುಕೊಳ್ಳಿ. ಆಟಗಾರ ಸತ್ತರೆ ಮತ್ತೆ ಎಲ್ಲಿಂದ ಶುರು? ಇದಕ್ಕೆ ಉತ್ತರ ಚೆಕ್‌ಪಾಯಿಂಟ್. ಗೇಮ್ ಮುಚ್ಚಿ ನಾಳೆ ಬಂದರೆ ಏನೇನು ಉಳಿದಿರುತ್ತದೆ? ಇದಕ್ಕೆ ಉತ್ತರ ಆಟೋಸೇವ್. ಬಹಳಷ್ಟು ಗೇಮ್‌ಗಳಲ್ಲಿ ಚೆಕ್‌ಪಾಯಿಂಟ್ ಮುಟ್ಟಿದಾಗಲೇ ಆಟೋಸೇವ್ ಕೂಡ ಆಗುತ್ತದೆ. ಹಾಗಾಗಿ ಎರಡೂ ಒಂದೇ ಅನ್ನಿಸಿಬಿಡುತ್ತದೆ.

ವ್ಯತ್ಯಾಸ ಚೆನ್ನಾಗಿ ಕಾಣುವುದು 2011ರ ಡಾರ್ಕ್ ಸೋಲ್ಸ್‌ನಲ್ಲಿ. ಅಲ್ಲಿ ಚೆಕ್‌ಪಾಯಿಂಟ್ ಅಂದರೆ ಬಾನ್‌ಫೈರ್. ಸತ್ತರೆ ಕೊನೆಗೆ ಕೂತ ಬಾನ್‌ಫೈರ್‌ಗೇ ವಾಪಸ್. ಆದರೆ ಆಟೋಸೇವ್ ಇಡೀ ಹೊತ್ತು ಹಿನ್ನೆಲೆಯಲ್ಲಿ ನಡೆಯುತ್ತಲೇ ಇರುತ್ತದೆ. ನೀವು ಎತ್ತಿಕೊಂಡ ವಸ್ತು ನಿಮ್ಮದೇ, ಬಳಸಿದ ಬಾಂಬ್ ಹೋಯಿತು. ಸಿಟ್ಟಿನಲ್ಲಿ ವ್ಯಾಪಾರಿಯನ್ನು ಕೊಂದರೆ ಅವನು ಸತ್ತೇ ಹೋದ, ಹಳೆಯ ಸೇವ್ ತೆರೆದು ಬದುಕಿಸಲು ಗೇಮ್ ಬಿಡುವುದಿಲ್ಲ. ಕೈಯಲ್ಲಿದ್ದ ಸೋಲ್‌ಗಳು, ಅಂದರೆ ಶತ್ರುಗಳನ್ನು ಕೊಂದು ಗಳಿಸಿದ ಆ ಗೇಮ್‌ನ ಹಣ, ಸತ್ತ ಜಾಗದಲ್ಲೇ ಬಿದ್ದಿರುತ್ತವೆ. ಅಲ್ಲಿಗೆ ತಲುಪುವ ಮೊದಲೇ ಇನ್ನೊಮ್ಮೆ ಸತ್ತರೆ ಅವೂ ಇಲ್ಲ. ಚೆಕ್‌ಪಾಯಿಂಟ್ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ಆಟೋಸೇವ್ ನಡೆದದ್ದನ್ನು ಹಿಂದಕ್ಕೆ ಹೋಗಲು ಬಿಡುವುದಿಲ್ಲ. ಆ ಗೇಮ್‌ನ ಭಯ ಹುಟ್ಟುವುದು ಇವೆರಡೂ ಸೇರಿದಾಗ.

ಅದೇ ಆಟೋಸೇವ್ ಒಮ್ಮೊಮ್ಮೆ ದಯೆಯನ್ನೂ ತೋರುತ್ತದೆ. ಬೆಡ್ ಆಫ್ ಕೇಯಾಸ್ ಎಂಬ ಬಾಸ್‌ನ ಒಂದು ಬದಿಯ ಗೋಳ ಒಡೆದ ಮೇಲೆ ಗುಂಡಿಗೆ ಬಿದ್ದು ಸತ್ತರೂ, ವಾಪಸ್ ಬಂದಾಗ ಆ ಗೋಳ ಒಡೆದೇ ಇರುತ್ತದೆ. ನಡಿಗೆ ಮತ್ತೆ ಮೊದಲಿಂದ, ಕೆಲಸ ಮಾತ್ರ ಅರ್ಧ ಮುಗಿದಿದೆ.

ಎರಡನೆಯದು, ಏನು ವಾಪಸ್ ಬರಬೇಕು ಅಂತ ತೀರ್ಮಾನಿಸಿ

ಆರೋಗ್ಯ, ಗುಂಡು, ಸತ್ತ ಶತ್ರುಗಳು, ತೆರೆದ ಬಾಗಿಲು, ಸಿಕ್ಕ ಕೀಲಿ. ಸತ್ತ ಮೇಲೆ ಇವುಗಳಲ್ಲಿ ಒಂದೊಂದರ ಗತಿ ಏನು? ಗುಂಡು ಮೊದಲಿನಷ್ಟೇ ಆದರೆ ಆಟಗಾರ ಕೈಬಿಚ್ಚಿ ಹೊಡೆಯುತ್ತಾನೆ. ಖರ್ಚಾದದ್ದು ಖರ್ಚೇ ಅಂದರೆ ಪ್ರತಿ ಗುಂಡನ್ನೂ ಲೆಕ್ಕ ಹಾಕುತ್ತಾನೆ. ಆದರೆ ಎರಡನೆಯದನ್ನು ಆರಿಸಿದರೆ ಒಂದು ಅಪಾಯವಿದೆ: ಗುಂಡು ಪೂರ್ತಿ ಮುಗಿದವನು ಬಾಸ್ ಮುಂದೆ ಸಿಕ್ಕಿಹಾಕಿಕೊಳ್ಳಬಹುದು. ಚೆಕ್‌ಪಾಯಿಂಟ್ ಹತ್ತಿರ ಸ್ವಲ್ಪವಾದರೂ ಗುಂಡು ಯಾವಾಗಲೂ ಸಿಗುವಂತೆ ನೋಡಿಕೊಳ್ಳಿ.

ಮೂರನೆಯದು, ಅಂತರವನ್ನು ಹೋರಾಟಗಳಲ್ಲಿ ಅಳೆಯಿರಿ

ಅಂತರವನ್ನು ನಕ್ಷೆಯ ಮೇಲೆ ಅಳೆದರೆ ಮೋಸ ಹೋಗುತ್ತೀರಿ. ಉದ್ದದ ಖಾಲಿ ಓಣಿಗಿಂತ ಚಿಕ್ಕ ಕೋಣೆಯ ಎರಡು ಕಾದಾಟ ಜಾಸ್ತಿ ದೂರ. ಒಂದು ಲೆಕ್ಕ ಮಾಡಿ ನೋಡೋಣ.

ಸಾಲಾಗಿ ಮೂರು ಕಾದಾಟ ಇವೆ. ಹೊಸ ಆಟಗಾರ ಪ್ರತಿಯೊಂದನ್ನೂ ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ ಅಂದುಕೊಳ್ಳಿ. ಪ್ರತಿ ಕಾದಾಟದ ನಂತರ ಚೆಕ್‌ಪಾಯಿಂಟ್ ಇದ್ದರೆ ಒಂದೊಂದಕ್ಕೂ ಸರಾಸರಿ 2 ಪ್ರಯತ್ನ, ಒಟ್ಟು 6. ನಡುವೆ ಒಂದೂ ಇಲ್ಲದಿದ್ದರೆ ಮೂರನ್ನೂ ಸತತವಾಗಿ ಗೆಲ್ಲಬೇಕು. ಆಗ ಸರಾಸರಿ 14 ಕಾದಾಟ ಆಗುತ್ತದೆ. ಐದು ಕಾದಾಟಕ್ಕೆ ಇದೇ ಲೆಕ್ಕ ಹಾಕಿದರೆ ಚೆಕ್‌ಪಾಯಿಂಟ್ ಇದ್ದಾಗ 10, ಇಲ್ಲದಿದ್ದಾಗ 62! ಒಂದು ಕಾದಾಟಕ್ಕೆ 40 ಸೆಕೆಂಡ್ ಅಂದರೆ 7 ನಿಮಿಷದೊಳಗೆ ಮುಗಿಯುವುದು 41 ನಿಮಿಷ ಆಯಿತು. ಚೆಕ್‌ಪಾಯಿಂಟ್ ಇಲ್ಲದೆ ಎರಡೇ ಕಾದಾಟ ಹೆಚ್ಚಿಸಿದ್ದಕ್ಕೆ 14 ಇದ್ದದ್ದು 62 ಆಯಿತು.

ನಿಜವಾದ ಆಟದಲ್ಲಿ ಇಷ್ಟು ಕೆಟ್ಟದಾಗುವುದಿಲ್ಲ. ಮೊದಲ ಕಾದಾಟವನ್ನು ಮತ್ತೆ ಮತ್ತೆ ಆಡಿದವನು ಅದರಲ್ಲಿ ಪಳಗುತ್ತಾನೆ. ಆದರೂ ದಿಕ್ಕು ಇದೇ. ಅದಕ್ಕೇ ನನ್ನ ಸಲಹೆ: ದೂರ ಇಡಬೇಕು ಅನ್ನಿಸಿದರೆ ಒಂದೊಂದು ಕಾದಾಟವನ್ನು ಸುಲಭ ಮಾಡಿ. ಕಷ್ಟ ಮಾಡಬೇಕು ಅನ್ನಿಸಿದರೆ ಚೆಕ್‌ಪಾಯಿಂಟ್ ಹತ್ತಿರ ತನ್ನಿ. 2018ರ ಸೆಲೆಸ್ಟ್ ಮಾಡಿದ್ದು ಎರಡನೆಯದನ್ನು. ಅಲ್ಲಿ ಸತ್ತರೆ ಹೆಚ್ಚಾಗಿ ಅದೇ ಕೋಣೆಯ ಶುರುವಿಗೆ, ಕಣ್ಣು ಮಿಟುಕಿಸುವಷ್ಟರಲ್ಲಿ ವಾಪಸ್. ಹಾಗಾಗಿಯೇ ಅದು ಅಷ್ಟು ಕಠಿಣ ಜಿಗಿತಗಳನ್ನು ಕೇಳಲು ಸಾಧ್ಯವಾಯಿತು.

ಡಾರ್ಕ್ ಸೋಲ್ಸ್ ಮೂರನೆಯ ದಾರಿಯನ್ನೂ ತೋರಿಸುತ್ತದೆ. ಅನ್‌ಡೆಡ್ ಬರ್ಗ್‌ನ ಬಾನ್‌ಫೈರ್‌ನಿಂದ ಟಾರಸ್ ಡೀಮನ್ ಎಂಬ ಬಾಸ್‌ವರೆಗೆ ನಡುವೆ ಇನ್ನೊಂದು ಬಾನ್‌ಫೈರ್ ಇಲ್ಲ. ಬಾಸ್ ಸತ್ತ ಮೇಲೆ ಡ್ರ್ಯಾಗನ್ ಕಾಯುವ ಸೇತುವೆ ಬರುತ್ತದೆ. ಆರೋಗ್ಯ ತುಂಬಿಸುವ ಎಸ್ಟಸ್ ಮುಗಿಯುತ್ತಾ ಬಂದಿದೆ, ಕೈತುಂಬ ಸೋಲ್ ಇದೆ. ಆಗ ಸೇತುವೆ ಕೆಳಗೊಂದು ಏಣಿ ಸಿಗುತ್ತದೆ. ಒದ್ದು ಕೆಳಗಿಳಿಸಿದರೆ ಅದೇ ಹಳೆಯ ಬಾನ್‌ಫೈರ್! ಹೊಸ ಚೆಕ್‌ಪಾಯಿಂಟ್ ಕೊಡದೆ ದಾರಿಯನ್ನೇ ಚಿಕ್ಕದು ಮಾಡಿದ್ದಾರೆ. ಏಣಿ ಕೆಳಗಿಳಿದದ್ದನ್ನು ಆಟೋಸೇವ್ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಸತ್ತರೂ ಅದು ಅಲ್ಲೇ ಇರುತ್ತದೆ. ಇಷ್ಟು ಚೆಂದದ ಜೋಡಣೆ ನನಗೆ ಬೇರೆಲ್ಲೂ ಕಂಡಿಲ್ಲ.

ನಾಲ್ಕನೆಯದು, ಸುಮ್ಮನೆ ಕಾಯಿಸುವುದನ್ನು ತೆಗೆಯಿರಿ

ಆತಂಕ ಇರುವುದು ಸಾಯುವ ಮೊದಲು. ಸತ್ತ ಮೇಲೆ ಬರುವುದು ಬರೀ ಬೇಸರ. ಸತ್ತ ಕ್ಷಣದಿಂದ ಅದೇ ಶತ್ರುವಿನ ಎದುರು ಮತ್ತೆ ನಿಲ್ಲುವವರೆಗೆ ಸ್ಟಾಪ್‌ವಾಚ್ ಹಿಡಿಯಿರಿ. ಅದರಲ್ಲಿ ಲೋಡಿಂಗ್, ಲಿಫ್ಟ್ ಸವಾರಿ, ಬಾಸ್‌ನ ಭಾಷಣ ಎಷ್ಟೆಷ್ಟು ಹೊತ್ತು ತಿನ್ನುತ್ತವೆ ಅಂತ ಬರೆದಿಡಿ. ಇವು ಯಾವುವೂ ಆತಂಕ ಹೆಚ್ಚಿಸುವುದಿಲ್ಲ. ಚೆಕ್‌ಪಾಯಿಂಟ್ ಭಾಷಣದ ಮೊದಲು ಇದ್ದರೆ ಅದನ್ನು ನಂತರಕ್ಕೆ ತಳ್ಳಿ.

ಐದನೆಯದು, ಆಟೋಸೇವ್‌ಗೆ ಷರತ್ತು ಹಾಕಿ

ಎರಡು ನಿಮಿಷಕ್ಕೊಮ್ಮೆ ಸೇವ್ ಆಗಲಿ ಅಂತ ಸುಮ್ನೆ ಟೈಮರ್ ಇಟ್ಟರೆ ಒಂದಲ್ಲ ಒಂದು ದಿನ ಅದು ತಪ್ಪು ಕ್ಷಣದಲ್ಲಿ ಬಡಿಯುತ್ತದೆ. ಆಟಗಾರ ಪ್ರಪಾತಕ್ಕೆ ಬೀಳುತ್ತಿದ್ದಾನೆ, ಅಷ್ಟರಲ್ಲಿ ಸೇವ್ ಆಯಿತು. ಈಗ ಪ್ರತಿ ಸಲ ತೆರೆದಾಗಲೂ ಬಿದ್ದು ಸಾಯುತ್ತಾನೆ. ಹಾಗಾಗಿ ಸೇವ್ ಮಾಡುವ ಮೊದಲು ಗೇಮ್ ನಾಲ್ಕು ವಿಷಯ ನೋಡಲಿ: ಕಾಲು ನೆಲದ ಮೇಲಿದೆಯೇ, ಯಾವ ಶತ್ರುವೂ ಬೆನ್ನಟ್ಟುತ್ತಿಲ್ಲವೇ, ಗಾಳಿಯಲ್ಲಿ ಗುಂಡು ಬರುತ್ತಿಲ್ಲವೇ, ಆರೋಗ್ಯ ತೀರಾ ಕಡಿಮೆ ಇಲ್ಲವೇ? ಒಂದು ತಪ್ಪಿದರೂ ಕೆಲವು ಸೆಕೆಂಡ್ ಕಾದು ಮತ್ತೆ ನೋಡಲಿ. ಜೊತೆಗೆ ಹಿಂದಿನ ಒಂದೆರಡು ಸೇವ್‌ಗಳನ್ನು ಅಳಿಸದೆ ಇಡಿ. ಸೇವ್ ಬರೆಯುವಾಗ ಕರೆಂಟ್ ಹೋದರೂ ಅವು ಉಳಿದಿರುತ್ತವೆ.

ಕೊನೆಗೆ, ಆಡುವವರನ್ನು ಮಾತಾಡಿಸದೆ ನೋಡಿ

ಪ್ರತಿ ಸಾವಿನ ಜಾಗವನ್ನು ಗುರುತು ಮಾಡಿಕೊಳ್ಳಿ. ಆಟಗಾರ ಒಬ್ಬ ಶತ್ರುವನ್ನು ಕೊಂದು, ಚೆಕ್‌ಪಾಯಿಂಟ್‌ಗೆ ಓಡಿ ಬಂದು, ಮತ್ತೆ ಮುಂದೆ ಹೋಗುತ್ತಿದ್ದರೆ ಮುಂದಿನ ಅಂತರ ಅವನಿಗೆ ಭಾರವಾಗಿದೆ. ಶತ್ರುಗಳನ್ನೆಲ್ಲ ಬಿಟ್ಟು ಬಾಸ್ ಬಾಗಿಲಿಗೇ ಓಡುತ್ತಿದ್ದರೆ ಆ ದಾರಿಯಲ್ಲಿ ಅವನಿಗೆ ಹೊಸದೇನೂ ಉಳಿದಿಲ್ಲ, ಚೆಕ್‌ಪಾಯಿಂಟ್ ಬಾಗಿಲ ಹತ್ತಿರ ಬರಲಿ. ಇನ್ನು ಆರೋಗ್ಯ ತುಂಬಿಸಿಕೊಳ್ಳಲು ಬೇಕಂತಲೇ ಸಾಯುತ್ತಿದ್ದರೆ ಚೆಕ್‌ಪಾಯಿಂಟ್ ತೀರಾ ಹತ್ತಿರ ಇದೆ, ಸಾವಿಗೆ ಬೆಲೆಯೇ ಇಲ್ಲ.

ಒಂದು ಸಲಕ್ಕೆ ಒಂದೇ ಚೆಕ್‌ಪಾಯಿಂಟ್ ಸರಿಸಿ. ಸರಿಸಿದ ಮೇಲೆ ಆ ಹಂತವನ್ನು ಒಮ್ಮೆಯೂ ಆಡದವರನ್ನೇ ಕೂರಿಸಿ ನೋಡಿ. ಹಳಬರಿಗೆ ಪ್ರತಿ ಕಾದಾಟವೂ ಬಾಯಿಪಾಠ ಆಗಿರುತ್ತದೆ, ಅವರಿಗೆ ಯಾವ ಅಂತರವೂ ಸರಿ ಅನ್ನಿಸುತ್ತದೆ.